ಲೈಕ್ ಒಂದನ್ನೇ ನೋಡದೆ ಕ್ಯಾಪ್ಶನ್ ಅಳೆಯುವುದು ಹೇಗೆ? ಸೇವ್, ಶೇರ್, ಲಿಂಕ್ ಕ್ಲಿಕ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಮಾರುವ, ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಸಣ್ಣ ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದೆ. ಉದಾಹರಣೆಗೆ ಇಳಕಲ್ ಸೀರೆ ಮಾರುವ, ಸುಮಾರು 6,000 ಫಾಲೋವರ್ಸ್ ಇರುವ ಒಂದು ಖಾತೆಯನ್ನು ಊಹಿಸಿಕೊಂಡಿದ್ದೇವೆ. ಅದರ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಾಕಿದವು. ನಿಮ್ಮ ಖಾತೆಗೂ ಇಷ್ಟೇ ಬರಬೇಕೆಂದು ಹೋಲಿಸಲು ಹೋಗಬೇಡಿ.

## ಲೈಕ್ ನೋಡಿದರೆ ಸಾಲದೇ?

ಸಾಲದು. ಲೈಕ್ ಹಾಕಲು ಕ್ಯಾಪ್ಶನ್ ಓದಬೇಕಾಗಿಯೇ ಇಲ್ಲ. ಫೋಟೋ ಚೆನ್ನಾಗಿದ್ದರೆ ಅಥವಾ ಹಾಕಿದವರು ಪರಿಚಯದವರಾಗಿದ್ದರೆ ಹೆಬ್ಬೆರಳು ತಾನಾಗಿ ಎರಡು ಸಲ ತಟ್ಟಿ ಮುಂದೆ ಹೋಗುತ್ತದೆ. ಹಾಗಾಗಿ ಲೈಕ್ ಹೆಚ್ಚು ಬಂದಾಗ ಅದು ಫೋಟೋಗೆ ಬಂತೋ, ಬರಹಕ್ಕೆ ಬಂತೋ, ಸಂಬಂಧಕ್ಕೆ ಬಂತೋ ಹೇಳಲಾಗುವುದಿಲ್ಲ.

ಸೇವ್ ಮಾಡುವವರ ಮನಸ್ಸು ಬೇರೆ. ‘ಇದು ಮುಂದೆ ಬೇಕಾಗುತ್ತದೆ’ ಎಂದು ಅನಿಸಿದರೆ ಮಾತ್ರ ಆ ಗುಂಡಿ ಒತ್ತುತ್ತಾರೆ. ಇನ್‌ಸ್ಟಾಗ್ರಾಮ್ ಈ ಸೌಲಭ್ಯ ತಂದದ್ದು 2016ರ ಕೊನೆಯಲ್ಲಿ. ಯಾರು ಸೇವ್ ಮಾಡಿದರೆಂದು ಪೋಸ್ಟ್ ಹಾಕಿದವರಿಗೂ ಗೊತ್ತಾಗುವುದಿಲ್ಲ, ಆದ್ದರಿಂದ ಅದರಲ್ಲಿ ಮುಖಸ್ತುತಿ ಇರುವುದಿಲ್ಲ. ಶೇರ್ ಮಾಡುವವರು ಇನ್ನೊಬ್ಬರನ್ನು ನೆನಪಿಸಿಕೊಂಡಿರುತ್ತಾರೆ: ‘ಅಕ್ಕನಿಗೆ ಇದು ಹಿಡಿಸುತ್ತೆ’. ಲಿಂಕ್ ಒತ್ತುವವರು ಆ ಗಳಿಗೆಯಲ್ಲೇ ಒಂದು ಹೆಜ್ಜೆ ಮುಂದಿಟ್ಟಿರುತ್ತಾರೆ.

ಹಾಗೆಂದು ಲೈಕನ್ನು ಪೂರ್ತಿ ಪಕ್ಕಕ್ಕಿಡಲೂ ಬಾರದು. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ, ಪೋಸ್ಟ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವ ಮೂರು ಮುಖ್ಯ ಅಂಶಗಳೆಂದರೆ ನೋಡಿದ ಸಮಯ, ಲೈಕ್ ಮತ್ತು ಇತರರಿಗೆ ಕಳಿಸುವುದು ಎಂದರು. ಈಗಾಗಲೇ ಫಾಲೋ ಮಾಡುವವರಿಗೆ ತಲುಪಲು ಲೈಕ್ ತುಸು ಹೆಚ್ಚು ನೆರವಾಗುತ್ತದೆ, ಹೊಸಬರಿಗೆ ತಲುಪಲು ಕಳಿಸುವುದು ಹೆಚ್ಚು ನೆರವಾಗುತ್ತದೆ ಎಂದೂ ವಿವರಿಸಿದರು. ಹಾಗಾಗಿ ಲೈಕಿಗೂ ಒಂದು ಕಾಲಂ ಇರಲಿ, ತೀರ್ಪನ್ನು ಮಾತ್ರ ಅದೊಂದರ ಮೇಲೆ ಬಿಡಬೇಡಿ.

## ಕ್ಯಾಪ್ಶನ್ ಶೈಲಿ ಎಂದರೆ ಯಾವುದು? ಒಂದೇ ಸೀರೆಗೆ ಬೇರೆ ಬೇರೆ ಶೈಲಿ ಹೇಗಿರುತ್ತದೆ?

ಉದ್ದ ಗಿಡ್ಡ, ಎಮೋಜಿ ಇದೆಯೋ ಇಲ್ಲವೋ ಎಂಬುದು ಶೈಲಿಯಲ್ಲ. ಓದಿದವರು ಏನು ಮಾಡಬೇಕೆಂದು ಆ ಬರಹ ಬಯಸುತ್ತದೆ ಎಂಬುದರ ಮೇಲೆ ಗುಂಪು ಮಾಡಿದರೆ ಅಳತೆ ಸುಲಭವಾಗುತ್ತದೆ. ಸೀರೆ ವ್ಯಾಪಾರಕ್ಕೆ ಮೂರು ಗುಂಪು ಸಾಕು.

ಮೊದಲನೆಯದು ತಿಳಿವಳಿಕೆ ಶೈಲಿ, ಅದಕ್ಕೆ A ಎನ್ನೋಣ:

> ಇಳಕಲ್ ಸೀರೆ ಕೊಳ್ಳುವ ಮುಂಚೆ ಸೆರಗನ್ನು ತಿರುವಿ ನೋಡಿ. ಮೈಯ ಹಾಸಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿದ ಸಾಲು ಕಾಣಬೇಕು. ಸೆರಗಿನಲ್ಲಿ ಕೆಂಪು–ಬಿಳುಪಿನ ತೋಪು ತೆನೆ ಇರಬೇಕು. ಮೊದಲ ಸಲ ಒಗೆಯುವಾಗ ಬೇರೆ ಬಟ್ಟೆ ಜೊತೆ ಹಾಕಬೇಡಿ, ನೆನೆಸಿಯೂ ಇಡಬೇಡಿ.

ಎರಡನೆಯದು ಕಥೆ ಶೈಲಿ, B:

> ಮಗಳ ಸೀಮಂತಕ್ಕೆ ತಾಯಿ ಪೆಟ್ಟಿಗೆಯಿಂದ ತೆಗೆದದ್ದು ತನ್ನ ಮದುವೆಯ ಇಳಕಲ್ ಸೀರೆ. ಮಡಿಕೆಯ ಗೆರೆ ಹಾಗೇ ಉಳಿದಿತ್ತು, ಸೆರಗಿನ ಕೆಂಪು ಮಾತ್ರ ಒಂಚೂರೂ ಮಾಸಿರಲಿಲ್ಲ…

ಮೂರನೆಯದು ನೇರ ಮಾರಾಟದ ಶೈಲಿ, C:

> ಹತ್ತಿ–ರೇಷ್ಮೆ ಇಳಕಲ್, ಗೋಮಿ ದಡಿ. ₹2,450, ಕೊರಿಯರ್ ಖರ್ಚು ಸೇರಿ. ನಾಲ್ಕು ಬಣ್ಣ ಇವೆ. ಬೇಕಾದವರು ಬಯೋದಲ್ಲಿರುವ ಲಿಂಕ್ ಒತ್ತಿ, ILK-C3 ಎಂದು ಕಳಿಸಿ.

A ಬಯಸುವುದು ಸೇವ್, B ಬಯಸುವುದು ಲೈಕ್, ಕಾಮೆಂಟ್ ಮತ್ತು ಶೇರ್, C ಬಯಸುವುದು ಕ್ಲಿಕ್. ಈ ಮೂರನ್ನೂ ಲೈಕಿನ ಒಂದೇ ತಕ್ಕಡಿಯಲ್ಲಿ ತೂಗಿದರೆ B ಗೆಲ್ಲುತ್ತದೆ, C ಸೋಲುತ್ತದೆ. ಎಷ್ಟೋ ಖಾತೆಗಳು ಹೀಗೆ ನೋಡಿಯೇ ದರ ಬರೆಯುವುದನ್ನು ಬಿಟ್ಟುಬಿಡುತ್ತವೆ, ಆಮೇಲೆ ಇನ್‌ಬಾಕ್ಸ್ ತುಂಬ ‘ರೇಟ್ ಎಷ್ಟು?’ ಎಂಬ ಪ್ರಶ್ನೆಯೊಂದೇ ಉಳಿಯುತ್ತದೆ.

## ಈ ಅಂಕಿಗಳು ಎಲ್ಲಿ ಸಿಗುತ್ತವೆ?

ಖಾತೆ ಪ್ರೊಫೆಷನಲ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ `Account type and tools` ಒಳಗೆ `Switch to professional account` ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಬದಲಿಸುವ ಮುಂಚೆ ಹಾಕಿದ ಪೋಸ್ಟ್‌ಗಳಿಗೆ ಪೂರ್ತಿ ಅಂಕಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಮೊದಲು ಬದಲಿಸಿ, ಆಮೇಲೆ ಪರೀಕ್ಷೆ ಶುರುಮಾಡಿ.

ನಂತರ ಪೋಸ್ಟ್ ತೆರೆದು ಅದರ ಕೆಳಗಿನ `View insights` ಒತ್ತಿ. ಹೃದಯದ ಗುರುತಿನ ಪಕ್ಕ ಲೈಕ್, ಕಾಗದದ ವಿಮಾನದ ಪಕ್ಕ ಶೇರ್, ಬುಕ್‌ಮಾರ್ಕ್ ಪಟ್ಟಿಯ ಪಕ್ಕ ಸೇವ್ ಇರುತ್ತದೆ. ಕೆಳಗೆ ಸರಿಸಿದರೆ `Accounts reached`, ಅಂದರೆ ಪೋಸ್ಟ್ ಎಷ್ಟು ಖಾತೆಗಳನ್ನು ತಲುಪಿತೆಂಬ ರೀಚ್, ಇನ್ನೂ ಕೆಳಗೆ ಪ್ರೊಫೈಲ್ ಚಟುವಟಿಕೆಯ ಭಾಗದಲ್ಲಿ `External link taps` ಕಾಣುತ್ತದೆ. ಈ ಪೋಸ್ಟ್ ನೋಡಿ ಪ್ರೊಫೈಲಿಗೆ ಹೋಗಿ ಬಯೋ ಲಿಂಕ್ ಒತ್ತಿದವರ ಲೆಕ್ಕ ಅದು. ಆ್ಯಪ್ ಅಪ್‌ಡೇಟ್ ಆದಂತೆ ಈ ಹೆಸರುಗಳೂ ಜಾಗಗಳೂ ಸ್ವಲ್ಪ ಅತ್ತಿತ್ತ ಆಗುತ್ತವೆ.

ಬೇಕಾದದ್ದು ಐದೇ ಅಂಕಿ: ರೀಚ್, ಲೈಕ್, ಸೇವ್, ಶೇರ್, ಲಿಂಕ್ ಕ್ಲಿಕ್. ಉಳಿದದ್ದನ್ನು ಬರೆದುಕೊಳ್ಳಲು ಹೊರಟರೆ ಎರಡನೇ ವಾರಕ್ಕೇ ಬೇಸರ ಬಂದು ಎಲ್ಲವೂ ನಿಂತುಹೋಗುತ್ತದೆ.

## ಬರೀ ಸಂಖ್ಯೆ ಹೋಲಿಸಿದರೆ ಏನು ತಪ್ಪು? ಯಾವುದರಿಂದ ಭಾಗಿಸಬೇಕು?

2,600 ಜನ ನೋಡಿದ ಪೋಸ್ಟಿಗೆ 13 ಸೇವ್, 1,500 ಜನ ನೋಡಿದ ಪೋಸ್ಟಿಗೆ 15 ಸೇವ್ ಬಂದಿದೆ ಎನ್ನೋಣ. ಮೇಲ್ನೋಟಕ್ಕೆ ಹೆಚ್ಚುಕಡಿಮೆ ಒಂದೇ. ಸಾವಿರ ಜನಕ್ಕೆ ಎಷ್ಟು ಎಂದು ನೋಡಿದರೆ ಮೊದಲನೆಯದು 5, ಎರಡನೆಯದು 10. ದುಪ್ಪಟ್ಟು.

ಭಾಗಿಸಬೇಕಾದದ್ದು ರೀಚಿನಿಂದ. ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿದರೆ ಪೋಸ್ಟನ್ನು ಕಣ್ಣಿಂದಲೂ ನೋಡದವರು ಲೆಕ್ಕಕ್ಕೆ ಸೇರಿಬಿಡುತ್ತಾರೆ. ವ್ಯೂಸ್‌ನಿಂದ ಭಾಗಿಸಿದರೆ ಒಬ್ಬರೇ ನಾಲ್ಕು ಸಲ ನೋಡಿದ್ದು ನಾಲ್ಕಾಗುತ್ತದೆ, ಆದರೆ ಅವರು ಸೇವ್ ಮಾಡುವುದು ಒಂದೇ ಸಲ. ಹಾಗಾಗಿ ಮತ್ತೆ ಮತ್ತೆ ತೆರೆದು ನೋಡುವಂಥ ಒಳ್ಳೆಯ ಪೋಸ್ಟೇ ಕಳಪೆಯಾಗಿ ಕಾಣುತ್ತದೆ.

ಶೀಟ್‌ನಲ್ಲಿ ಕಾಲಂಗಳನ್ನು ಹೀಗೆ ಇಟ್ಟುಕೊಳ್ಳಿ: A ದಿನಾಂಕ, B ಶೈಲಿ, C ರೀಚ್, D ಲೈಕ್, E ಸೇವ್, F ಶೇರ್, G ಕ್ಲಿಕ್. ಒಂದೊಂದು ಶೈಲಿಯ ಸಾಲುಗಳು ಒಟ್ಟಿಗಿರಲಿ. ಸಾವಿರಕ್ಕೆ ಎಷ್ಟು ಸೇವ್ ಎಂಬುದಕ್ಕೆ H ಕಾಲಂನಲ್ಲಿ:

```
=ROUND(1000*E2/C2, 1)
```

ಒಂದು ಶೈಲಿಯ ನಾಲ್ಕು ಪೋಸ್ಟ್‌ಗಳ ನಡುಬೆಲೆಗೆ, ಅಂದರೆ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಗೆ:

```
=MEDIAN(H2:H5)
```

## ನಡುಬೆಲೆ ಯಾಕೆ? ಸರಾಸರಿ ತೆಗೆದರೆ ಆಗದೇ?

ಒಂದು ಪೋಸ್ಟ್ ಯಾವುದೋ ದೊಡ್ಡ ಖಾತೆಯ ಕಣ್ಣಿಗೆ ಬಿದ್ದು ಹಬ್ಬಿಬಿಟ್ಟರೆ ಸರಾಸರಿ ದಾರಿ ತಪ್ಪಿಸುತ್ತದೆ. ನಮ್ಮ ಉದಾಹರಣೆಯ ನಾಲ್ಕು ಕಥೆ ಪೋಸ್ಟ್‌ಗಳಿಗೆ ಸಾವಿರ ಜನಕ್ಕೆ ಬಂದ ಶೇರ್: 9.2, 7.8, 30.8, 8.2. ಸರಾಸರಿ 14. ತಿಳಿವಳಿಕೆ ಪೋಸ್ಟ್‌ಗಳ ಶೇರ್: 10.5, 9.2, 12.9, 8.2. ಇವುಗಳ ಸರಾಸರಿ ಸುಮಾರು 10. ಇಷ್ಟೇ ನೋಡಿದರೆ ‘ಕಥೆ ಬರೆದರೆ ಜನ ಹೆಚ್ಚು ಹಂಚುತ್ತಾರೆ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ.

ನಡುಬೆಲೆ ತೆಗೆದರೆ ಕಥೆಗೆ 8.7, ತಿಳಿವಳಿಕೆಗೆ 9.9. ಅಂದರೆ ಎರಡೂ ಹತ್ತಿರ ಹತ್ತಿರವೇ ಇವೆ, 30.8 ಎಂಬುದು ಒಂಟಿ ಘಟನೆ. ಅದನ್ನು ಅಳಿಸಿಹಾಕಬೇಡಿ, ಪಕ್ಕದಲ್ಲಿ ಕಾರಣ ಬರೆದಿಡಿ. ಯಾರು ಹಂಚಿದರು, ಆ ದಿನ ಹಬ್ಬವಿತ್ತೇ, ಹೊಸ ಫಾಲೋವರ್ಸ್ ಎಷ್ಟು ಬಂದರು ಎಂಬುದಕ್ಕೆ ಬೆಲೆ ಇದೆ. ಆದರೆ ಅದೊಂದನ್ನು ನೆಚ್ಚಿಕೊಂಡು ಮುಂದಿನ ತಿಂಗಳ ಯೋಜನೆ ಹಾಕಬಾರದು.

## ಪರೀಕ್ಷೆ ಮಾಡುವ ಕ್ರಮ ಹೇಗೆ?

ವಾರಕ್ಕೆ ಎರಡು ಪೋಸ್ಟ್, ಆರು ವಾರ, ಒಟ್ಟು ಹನ್ನೆರಡು. ಪ್ರತಿ ಶೈಲಿಗೆ ನಾಲ್ಕು. ಇದಕ್ಕಿಂತ ಕಡಿಮೆಯಾದರೆ ಒಂದು ಕೆಟ್ಟ ದಿನವೇ ಇಡೀ ಫಲಿತಾಂಶವನ್ನು ಕೆಡಿಸುತ್ತದೆ.

ಮಂಗಳವಾರ ಮತ್ತು ಶುಕ್ರವಾರ ಸಂಜೆ 7.30 ಎಂದು ಗೊತ್ತುಮಾಡಿಕೊಂಡು A, B, C, A, B, C ಎಂಬ ಸರದಿಯಲ್ಲಿ ಹಾಕುತ್ತ ಹೋಗಿ. ಹೀಗೆ ಹೋದರೆ ಪ್ರತಿ ಶೈಲಿಗೂ ಎರಡು ಮಂಗಳವಾರ, ಎರಡು ಶುಕ್ರವಾರ ತಾನಾಗಿ ಸಿಗುತ್ತವೆ. ಎಲ್ಲ ಕಥೆಗಳನ್ನೂ ಭಾನುವಾರಕ್ಕೆ, ಎಲ್ಲ ದರದ ಪೋಸ್ಟ್‌ಗಳನ್ನೂ ಸೋಮವಾರಕ್ಕೆ ಇಟ್ಟರೆ ನೀವು ಅಳೆಯುವುದು ವಾರವನ್ನೇ ಹೊರತು ಕ್ಯಾಪ್ಶನ್ನನ್ನಲ್ಲ.

ಕ್ಯಾಪ್ಶನ್ ಬಿಟ್ಟು ಉಳಿದದ್ದೆಲ್ಲ ಆದಷ್ಟೂ ಒಂದೇ ತರಹ ಇರಲಿ. ಪ್ರತಿ ಪೋಸ್ಟಿಗೂ ನಾಲ್ಕು ಫೋಟೋ: ಪೂರ್ತಿ ಸೀರೆ, ಸೆರಗು, ದಡಿ, ಉಟ್ಟಾಗಿನ ನೋಟ. ಒಂದೇ ಬೆಳಕು, ಒಂದೇ ಹಿನ್ನೆಲೆ, ಹೆಚ್ಚುಕಡಿಮೆ ಒಂದೇ ದರದ ಸೀರೆ. ಇಲ್ಲೇ ಹೆಚ್ಚಿನವರು ಎಡವುವುದು. ಕಥೆ ಬರೆಯುವ ದಿನ ರೂಪದರ್ಶಿಯ ಚೆಂದದ ಫೋಟೋ ಹಾಕುತ್ತಾರೆ, ದರ ಬರೆಯುವ ದಿನ ಮಡಿಚಿಟ್ಟ ಸೀರೆಯ ಫೋಟೋ ಹಾಕುತ್ತಾರೆ, ಕೊನೆಗೆ ‘ದರ ಬರೆದರೆ ಜನ ನೋಡುವುದಿಲ್ಲ’ ಎನ್ನುತ್ತಾರೆ. ಮಡಿಚಿಟ್ಟ ಸೀರೆಯನ್ನು ಅವರು ನೋಡಲಿಲ್ಲ, ಅಷ್ಟೇ.

ಈ ಆರು ವಾರಗಳಲ್ಲಿ ವರಮಹಾಲಕ್ಷ್ಮಿ ಅಥವಾ ದೀಪಾವಳಿ ಬರುತ್ತಿದ್ದರೆ ಪರೀಕ್ಷೆಯನ್ನು ಮುಂದೂಡಿ. ಆ ದಿನಗಳಲ್ಲಿ ಏನು ಬರೆದರೂ ಸೀರೆಯ ಲಿಂಕ್ ಒತ್ತುತ್ತಾರೆ. ದುಡ್ಡು ಕೊಟ್ಟು ಬೂಸ್ಟ್ ಮಾಡಿದ ಪೋಸ್ಟ್, ಇನ್ನೊಂದು ಖಾತೆಯ ಜೊತೆ ಕೊಲ್ಯಾಬ್ ಮಾಡಿದ ಪೋಸ್ಟ್ ಎರಡೂ ಈ ಲೆಕ್ಕದಿಂದ ಹೊರಗಿರಲಿ, ಅವು ತಲುಪುವ ಜನವೇ ಬೇರೆ. ರೀಲ್ಸ್ ಕೂಡ ಬೇಡ. ಅಲ್ಲಿ ಜನ ನಿಲ್ಲುವುದು ಮೊದಲ ಕ್ಷಣಗಳ ದೃಶ್ಯಕ್ಕೆ, ಕ್ಯಾಪ್ಶನ್ನಿನ ಪಾತ್ರ ಬೇರ್ಪಡಿಸಿ ತೋರಿಸುವುದು ಕಷ್ಟ.

## ಅಂಕಿಗಳನ್ನು ಯಾವಾಗ ಬರೆದುಕೊಳ್ಳಬೇಕು?

ಪ್ರತಿ ಪೋಸ್ಟಿಗೂ ಹಾಕಿದ ಏಳನೇ ದಿನ ಒಮ್ಮೆ, ಇಪ್ಪತ್ತೆಂಟನೇ ದಿನ ಒಮ್ಮೆ. ಕೊನೆಯ ದಿನ ಎಲ್ಲವನ್ನೂ ಒಟ್ಟಿಗೆ ಬರೆದರೆ ಮೊದಲ ವಾರದ ಪೋಸ್ಟಿಗೆ ಆರು ವಾರ, ಕೊನೆಯದಕ್ಕೆ ಎರಡು ದಿನ ಸಿಕ್ಕಂತಾಗುತ್ತದೆ.

ಎರಡನೇ ಸಲ ನೋಡುವುದಕ್ಕೆ ಕಾರಣ ಸೇವ್. ಸೇವ್ ಮಾಡಿದವರು ಮದುವೆ ಗೊತ್ತಾದಾಗಲೋ ಸಂಬಳ ಬಂದಾಗಲೋ ಮತ್ತೆ ತೆರೆಯುತ್ತಾರೆ. ತಿಳಿವಳಿಕೆ ಪೋಸ್ಟಿನ ಕ್ಲಿಕ್ ಮೊದಲ ವಾರ ಬಡವಾಗಿದ್ದು ನಾಲ್ಕನೇ ವಾರಕ್ಕೆ ಏರಿದ್ದರೆ ಆ ಏರಿಕೆಯೇ ಸುದ್ದಿ. ದರದ ಪೋಸ್ಟಿನ ಕ್ಲಿಕ್ ಹೆಚ್ಚಾಗಿ ಮೊದಲ ಎರಡು ದಿನದಲ್ಲೇ ಮುಗಿಯುತ್ತದೆ.

## ಫಲಿತಾಂಶ ಬಂದ ಮೇಲೆ ಓದುವುದು ಹೇಗೆ?

ಹನ್ನೆರಡು ಪೋಸ್ಟ್‌ಗಳ ನಡುಬೆಲೆ, ಸಾವಿರ ರೀಚಿಗೆ ಲೆಕ್ಕ ಹಾಕಿದ್ದು:

| ಶೈಲಿ | ಲೈಕ್ | ಸೇವ್ | ಶೇರ್ | ಲಿಂಕ್ ಕ್ಲಿಕ್ |
|---|---|---|---|---|
| A ತಿಳಿವಳಿಕೆ | 42 | 22.5 | 9.9 | 2.8 |
| B ಕಥೆ | 79 | 4.6 | 8.7 | 1.8 |
| C ನೇರ ಮಾರಾಟ | 32 | 9.2 | 4.2 | 18.4 |

ಲೈಕ್ ಕಾಲಂ ಒಂದನ್ನೇ ಓದಿದರೆ ಕಥೆಯೇ ರಾಜ, ನೇರ ಮಾರಾಟ ಕೊನೆಗೆ. ಪಕ್ಕದ ಕಾಲಂಗಳನ್ನು ಓದಿದರೆ ಚಿತ್ರ ತಲೆಕೆಳಗಾಗುತ್ತದೆ. ಕಥೆಗೆ ಬಂದ 79 ಲೈಕಿನ ಹಿಂದೆ ಸೇವ್ ಐದೂ ಇಲ್ಲ, ಕ್ಲಿಕ್ ಎರಡೂ ಇಲ್ಲ. ಜನ ಮೆಚ್ಚಿದರು, ಮುಂದೆ ಹೋದರು. ಅತಿ ಕಡಿಮೆ ಲೈಕ್ ಪಡೆದ C ಶೈಲಿ ಕಥೆಗಿಂತ ಹತ್ತು ಪಟ್ಟು ಕ್ಲಿಕ್ ತಂದಿದೆ.

ಆದರೆ ಒಂದು ಎಚ್ಚರ. C ಪೋಸ್ಟ್‌ಗಳ ರೀಚ್ 1,400ರಿಂದ 1,650ರ ನಡುವೆ ಇತ್ತು, B ಪೋಸ್ಟ್‌ಗಳದು 2,300ಕ್ಕಿಂತ ಕೆಳಗೆ ಇಳಿಯಲಿಲ್ಲ. ಸಾವಿರಕ್ಕೆ ಎಷ್ಟು ಎಂಬ ಲೆಕ್ಕದಲ್ಲಿ ಈ ವ್ಯತ್ಯಾಸ ಮರೆಯಾಗುತ್ತದೆ. ಹಾಗಾಗಿ ಒಟ್ಟು ಕ್ಲಿಕ್ಕನ್ನೂ ಒಮ್ಮೆ ನೋಡಿ: ನಾಲ್ಕು C ಪೋಸ್ಟ್‌ಗಳಿಂದ 112, ನಾಲ್ಕು A ಪೋಸ್ಟ್‌ಗಳಿಂದ 24, ನಾಲ್ಕು B ಪೋಸ್ಟ್‌ಗಳಿಂದಲೂ 24. ಇಲ್ಲಿ ರೀಚ್ ಕಡಿಮೆಯಿದ್ದರೂ C ಮುಂದೆಯೇ ಇದೆ. ನಿಮ್ಮ ಖಾತೆಯಲ್ಲಿ ಎರಡು ಲೆಕ್ಕ ಎರಡು ಮಾತು ಹೇಳಿದರೆ, ಈ ತಿಂಗಳು ನಿಮಗೆ ಬೇಕಾದದ್ದು ಹೊಸ ಜನವೋ, ಆರ್ಡರೋ ಎಂಬುದರ ಮೇಲೆ ಆರಿಸಿಕೊಳ್ಳಬೇಕಾಗುತ್ತದೆ.

## ವ್ಯತ್ಯಾಸ ನಿಜವೋ ಕಾಕತಾಳೀಯವೋ ಹೇಗೆ ತಿಳಿಯುವುದು?

ಕೈಲೆಕ್ಕದ ಒಂದು ನಿಯಮ ಇದೆ. ಬಂದ ಎಣಿಕೆಯ ವರ್ಗಮೂಲವನ್ನು ದ್ವಿಗುಣ ಮಾಡಿ, ಅಷ್ಟು ಮೇಲೆ ಕೆಳಗೆ ಆಗುವುದು ಸಹಜ ಎಂದು ತಿಳಿಯಿರಿ. 9 ಸೇವ್ ಬಂದಿದ್ದರೆ ವರ್ಗಮೂಲ 3, ದುಪ್ಪಟ್ಟು 6. ಅಂದರೆ ಅದೇ ಪೋಸ್ಟ್ ಇನ್ನೊಂದು ದಿನ ಹಾಕಿದ್ದರೆ 3ರಿಂದ 15ರವರೆಗೆ ಎಷ್ಟಾದರೂ ಬರಬಹುದಿತ್ತು. ಹಾಗಾಗಿ 9 ಮತ್ತು 13ರ ನಡುವೆ ಗೆಲುವು ಸೋಲು ಹುಡುಕಬೇಡಿ.

48 ಸೇವ್ ಬಂದ ತಿಳಿವಳಿಕೆ ಪೋಸ್ಟಿನ ವರ್ಗಮೂಲ ಸುಮಾರು 7, ದುಪ್ಪಟ್ಟು 14. ಅದು 34ರಿಂದ 62ರ ನಡುವೆ ಆಡುತ್ತದೆ. ಕಥೆ ಪೋಸ್ಟಿನ 13 ಸೇವ್ 6ರಿಂದ 20ರ ನಡುವೆ ಆಡುತ್ತದೆ. ಎರಡು ವ್ಯಾಪ್ತಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಆದ್ದರಿಂದ ವ್ಯತ್ಯಾಸ ನಂಬಬಹುದು. ಕಥೆಯ ರೀಚ್ ಇನ್ನೂ ಹೆಚ್ಚಿತ್ತು ಎಂಬುದು ಈ ಮಾತನ್ನು ಮತ್ತಷ್ಟು ಗಟ್ಟಿಮಾಡುತ್ತದೆ. ಹಾಗೇ ನಾಲ್ಕು A ಪೋಸ್ಟ್‌ಗಳಲ್ಲಿ ಕಳಪೆಯಾದದ್ದೂ ನಾಲ್ಕು B ಪೋಸ್ಟ್‌ಗಳಲ್ಲಿ ಉತ್ತಮವಾದದ್ದನ್ನು ಮೀರಿಸಿದೆಯೇ ಎಂದು ನೋಡಿ. ಸೇವ್ ವಿಷಯದಲ್ಲಿ ಮೀರಿಸಿದೆ: ಸಾವಿರ ರೀಚಿಗೆ A ಯ ಕನಿಷ್ಠ 19, B ಯ ಗರಿಷ್ಠ 5.

ಪ್ರತಿ ಪೋಸ್ಟಿನ ರೀಚ್ 300 ದಾಟದ ಖಾತೆಯಲ್ಲಿ ಸೇವ್ ಎಣಿಕೆ ಒಂದಂಕಿಯಲ್ಲೇ ಇರುತ್ತದೆ. ಅಂಥವರು ಪೋಸ್ಟ್ ಪೋಸ್ಟ್ ಹೋಲಿಸದೆ ಒಂದು ಶೈಲಿಯ ಎಲ್ಲ ಪೋಸ್ಟ್‌ಗಳ ಸೇವ್ ಕೂಡಿಸಿ, ಎಲ್ಲದರ ರೀಚ್ ಕೂಡಿಸಿ ಭಾಗಿಸಲಿ. ಮೂರು ಶೈಲಿ ಬೇಡ, ಎರಡೇ ಇಟ್ಟುಕೊಳ್ಳಲಿ.

## ಕ್ಯಾಪ್ಶನ್ನಿನಲ್ಲಿ ಹಾಕಿದ ಲಿಂಕ್ ಒತ್ತಲು ಆಗುವುದಿಲ್ಲವಲ್ಲ, ಕ್ಲಿಕ್ ಹೇಗೆ ಎಣಿಸುವುದು?

ನಿಜ, ಇನ್‌ಸ್ಟಾಗ್ರಾಮ್ ಫೀಡ್ ಪೋಸ್ಟಿನ ಕ್ಯಾಪ್ಶನ್ನಿನಲ್ಲಿ ವಿಳಾಸ ಬರೆದರೂ ಅದು ಬರೀ ಅಕ್ಷರವಾಗಿ ಕೂರುತ್ತದೆ. ಓದಿದವರು ಪ್ರೊಫೈಲಿಗೆ ಹೋಗಿ ಬಯೋ ಲಿಂಕ್ ಒತ್ತಬೇಕು. ದಾರಿ ಉದ್ದವಾದ್ದರಿಂದ ಕ್ಲಿಕ್ ಸಂಖ್ಯೆ ಸೇವ್‌ಗಿಂತ ಚಿಕ್ಕದಾಗಿರುವುದು ಸಾಮಾನ್ಯ.

ಹೊಸ ಪೋಸ್ಟ್ ಹಾಕಿದಾಗಲೆಲ್ಲ ಬಯೋ ಲಿಂಕ್ ಬದಲಿಸುವವರಿದ್ದಾರೆ. ಅದರಲ್ಲಿ ತೊಂದರೆ ಇದೆ. ಹತ್ತು ದಿನ ಹಿಂದಿನ ಪೋಸ್ಟನ್ನು ಸೇವ್ ಮಾಡಿಕೊಂಡವರು ಇವತ್ತು ಬಂದು ಒತ್ತಿದರೆ ಅದು ಇವತ್ತಿನ ಪೋಸ್ಟಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಸೇವ್ ಹೆಚ್ಚು ತರುವ ಶೈಲಿಗೇ ಇದರಿಂದ ಅನ್ಯಾಯ. ಬಯೋದಲ್ಲಿ ಐದು ಲಿಂಕ್‌ವರೆಗೂ ಇಡಬಹುದು, ಹಾಗಾಗಿ ಶೈಲಿಗೊಂದು ಲಿಂಕ್ ಇಟ್ಟು ಆರು ವಾರವೂ ಅದನ್ನು ಮುಟ್ಟದೆ ಬಿಡಿ. ‘ಸೀರೆ ಆಯ್ಕೆ, ಆರೈಕೆ’, ‘ಸೀರೆಯ ಕಥೆಗಳು’, ‘ಈ ವಾರದ ದರ’ ಎಂಬಂಥ ಹೆಸರು ಕೊಟ್ಟು, ಕ್ಯಾಪ್ಶನ್ನಿನ ಕೊನೆಯಲ್ಲಿ ಯಾವುದನ್ನು ಒತ್ತಬೇಕೆಂದು ಹೇಳಿ.

ಆರ್ಡರ್ ವಾಟ್ಸಾಪ್‌ನಲ್ಲಿ ಬರುವುದಾದರೆ ಲಿಂಕಿನೊಳಗೇ ಶೈಲಿಯ ಅಕ್ಷರ ಸೇರಿಸಿ:

```
https://wa.me/91XXXXXXXXXX?text=ILK-C
```

ಒತ್ತಿದವರ ವಾಟ್ಸಾಪ್ ತೆರೆದು ಸಂದೇಶದ ಪೆಟ್ಟಿಗೆಯಲ್ಲಿ ILK-C ಎಂದು ಮೊದಲೇ ಬರೆದಿರುತ್ತದೆ. ಅವರು ಕಳಿಸಿದರೆ ಆಯಿತು, ಯಾವ ಶೈಲಿ ಓದಿ ಬಂದರೆಂದು ನೀವು ಕೇಳಬೇಕಿಲ್ಲ. ಯಾವ ಪೋಸ್ಟ್ ಎಂಬುದೂ ಬೇಕಿದ್ದರೆ, ಮೇಲಿನ C ಮಾದರಿಯಲ್ಲಿರುವಂತೆ ILK-C3 ಎಂದು ಕಳಿಸಲು ಕ್ಯಾಪ್ಶನ್ನಿನಲ್ಲೇ ಹೇಳಿ. ಈ ಗುರುತು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಲಿಂಕಿನೊಳಗೆ ಕನ್ನಡ ಹಾಕಿದರೆ ಒಂದೊಂದು ಅಕ್ಷರಚಿಹ್ನೆಯೂ %E0%B2%95 ಎಂಬಂಥ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ, ನಕಲು ಮಾಡುವಾಗ ಎಲ್ಲೋ ತುಂಡಾಗುತ್ತದೆ.

ಸ್ವಂತ ವೆಬ್‌ಸೈಟ್ ಇದ್ದವರು ಯುಟಿಎಂ ಬಳಸಲಿ, ಅಂದರೆ ಜನ ಎಲ್ಲಿಂದ ಬಂದರೆಂದು ತಿಳಿಸುವ ಗುರುತುಗಳನ್ನು ವಿಳಾಸದ ಕೊನೆಗೆ ಸೇರಿಸಲಿ:

```
https://example.com/ilkal?utm_source=instagram&utm_medium=social&utm_campaign=ilkal_test&utm_content=c
```

ಗೂಗಲ್ ಅನಾಲಿಟಿಕ್ಸ್ 4ರ `Traffic acquisition` ವರದಿಯಲ್ಲಿ `Session manual ad content` ಆರಿಸಿದರೆ `utm_content` ಪ್ರಕಾರ ಲೆಕ್ಕ ಸಿಗುತ್ತದೆ. ಸಣ್ಣಕ್ಷರ ದೊಡ್ಡಕ್ಷರ ಅಲ್ಲಿ ಬೇರೆ ಬೇರೆ, `c` ಒಂದು ಸಾಲಾದರೆ `C` ಇನ್ನೊಂದು ಸಾಲು. ಮೊದಲೇ ಎಲ್ಲ ಸಣ್ಣಕ್ಷರ ಎಂದು ನಿಯಮ ಮಾಡಿಕೊಳ್ಳಿ. ಅಂದಂದಿನ ಅಂಕಿ ಅಂದೇ ಪೂರ್ತಿ ಬರುವುದಿಲ್ಲ, ಎರಡು ದಿನ ಬಿಟ್ಟು ನೋಡಿ.

## ಇನ್‌ಸ್ಟಾಗ್ರಾಮ್ ತೋರಿಸುವ ಕ್ಲಿಕ್ಕಿಗೂ ವಾಟ್ಸಾಪ್ ಸಂದೇಶಕ್ಕೂ ತಾಳೆಯಾಗುವುದಿಲ್ಲ. ಯಾವುದನ್ನು ನಂಬಬೇಕು?

ತಾಳೆಯಾಗಬಾರದು ಕೂಡ. ಒತ್ತಿದವರೆಲ್ಲ ಸಂದೇಶ ಕಳಿಸುವುದಿಲ್ಲ, ಕೆಲವರು ಮೊದಲೇ ಬರೆದಿದ್ದ ಗುರುತನ್ನು ಅಳಿಸಿ ‘ಹಾಯ್’ ಎಂದು ಕಳಿಸುತ್ತಾರೆ. ಲಿಂಕ್ ಚಿಕ್ಕದಾಗಿಸುವ ಸೇವೆಗಳಲ್ಲಿ ಮನುಷ್ಯರಲ್ಲದೆ ಪ್ರಿವ್ಯೂ ತರುವ ಬಾಟ್‌ಗಳೂ ಲಿಂಕ್ ತೆರೆಯುವುದರಿಂದ ಅಲ್ಲಿನ ಎಣಿಕೆ ಉಬ್ಬಿರಬಹುದು. ಮೂರು ಶೈಲಿಗೂ ಒಂದೇ ಮೂಲದ ಅಂಕಿ ಬಳಸಿ, ಅಷ್ಟು ಸಾಕು. A ಗೆ ಇನ್‌ಸ್ಟಾಗ್ರಾಮ್ ಅಂಕಿ, C ಗೆ ಶಾರ್ಟ್ ಲಿಂಕ್ ಅಂಕಿ ಎಂದು ಬೆರೆಸಿದರೆ ಹೋಲಿಕೆಯೇ ಹಾಳು.

ಕ್ಲಿಕ್‌ನಿಂದಾಚೆ ಒಂದು ಹೆಜ್ಜೆ ಹೋಗಿ ಆರ್ಡರನ್ನೂ ಬರೆದಿಡಿ. C ಯ 112 ಕ್ಲಿಕ್‌ನಿಂದ 40 ಸಂದೇಶ, 9 ಆರ್ಡರ್ ಬಂದವು ಎನ್ನೋಣ. A ಯ 24 ಕ್ಲಿಕ್‌ನಿಂದ 14 ಸಂದೇಶ, 6 ಆರ್ಡರ್. ನೂರು ಕ್ಲಿಕ್ಕಿಗೆ ಲೆಕ್ಕ ಹಾಕಿದರೆ C ಗೆ 8, A ಗೆ 25. ಕೊಂಡಿ ಸಾಲು ಹೇಗಿರುತ್ತದೆಂದು ಓದಿ ಬಂದವರು ಕಡಿಮೆ ಚೌಕಾಸಿ ಮಾಡಿ ಕೊಂಡಿದ್ದಾರೆ ಎಂದು ಅನಿಸುತ್ತದೆ. ಆದರೆ 6 ಮತ್ತು 9 ಎಂಬ ಸಣ್ಣ ಎಣಿಕೆಯ ಮೇಲೆ ಇದನ್ನು ಸಿದ್ಧಾಂತ ಮಾಡಬೇಡಿ, ಇನ್ನೊಂದು ಸುತ್ತು ನೋಡಬೇಕಾದ ಸುಳಿವು ಎಂದಷ್ಟೇ ಇಟ್ಟುಕೊಳ್ಳಿ.

## ‘ಸೇವ್ ಮಾಡಿಕೊಳ್ಳಿ’ ಎಂದು ಬರೆದರೆ ಸೇವ್ ಹೆಚ್ಚುತ್ತದೆಯಲ್ಲ, ಅದು ಮೋಸವಲ್ಲವೇ?

ಮೋಸವಲ್ಲ, ಆದರೆ ಅದನ್ನೂ ಶೈಲಿಯ ಭಾಗವೆಂದು ಎಣಿಸಬೇಕು. A ಪೋಸ್ಟ್‌ಗಳಲ್ಲಿ ಎರಡಕ್ಕೆ ಮಾತ್ರ ಆ ಸಾಲು ಬರೆದು ಇನ್ನೆರಡಕ್ಕೆ ಬಿಟ್ಟರೆ ಗೊಂದಲ. ಬರೆಯುವುದಾದರೆ ನಾಲ್ಕಕ್ಕೂ ಬರೆಯಿರಿ.

ಬಹುಮಾನದ ಆಸೆ ತೋರಿಸುವುದು ಬೇರೆ ವಿಷಯ. ‘ಸೇವ್ ಮಾಡಿ, ಮೂವರಿಗೆ ಶೇರ್ ಮಾಡಿ, ಒಬ್ಬರಿಗೆ ಸೀರೆ ಉಚಿತ’ ಎಂಬ ಪೋಸ್ಟಿನ ಅಂಕಿ ಬಹುಮಾನಕ್ಕೆ ಬಂದದ್ದು. ಅದನ್ನು ಶೀಟ್‌ನಿಂದ ಹೊರಗಿಡಿ, ಅದಾದ ನಂತರದ ಒಂದು ವಾರವೂ ಪರೀಕ್ಷೆ ಬೇಡ.

## ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಶೇರ್ ಎಂದು ಎಣಿಸುತ್ತದೆಯೇ?

ಇಲ್ಲ. ಸೀರೆ ವಿಷಯದಲ್ಲಿ ಇದು ಸಣ್ಣ ಸೋರಿಕೆಯಲ್ಲ. ಅಮ್ಮ, ಅತ್ತಿಗೆ, ಚಿಕ್ಕಮ್ಮ ಎಲ್ಲರೂ ಇರುವ ವಾಟ್ಸಾಪ್ ಗ್ರೂಪಿಗೆ ಹೋಗುವುದು ಹೆಚ್ಚಾಗಿ ಸ್ಕ್ರೀನ್‌ಶಾಟೇ, ಯಾಕೆಂದರೆ ಗ್ರೂಪಿನಲ್ಲಿ ಎಲ್ಲರ ಹತ್ತಿರವೂ ಇನ್‌ಸ್ಟಾಗ್ರಾಮ್ ಇರುವುದಿಲ್ಲ. ಇದಕ್ಕೆ ಉಪಾಯ: ಮೊದಲ ಫೋಟೋದ ಮೂಲೆಯಲ್ಲಿ ILK-A2, ILK-B1 ಎಂಬ ಗುರುತನ್ನು ಚಿಕ್ಕದಾಗಿ, ಓದಲು ಬರುವಂತೆ ಅಚ್ಚು ಹಾಕಿ. ಕ್ಯಾಪ್ಶನ್ ಕತ್ತರಿಸಿ ಹೋದರೂ ಗುರುತು ಫೋಟೋ ಜೊತೆ ಹೋಗುತ್ತದೆ. ಲಿಂಕ್ ಒತ್ತದೆ ನೇರವಾಗಿ ಸ್ಕ್ರೀನ್‌ಶಾಟ್ ಕಳಿಸಿ ‘ಇದು ಇದೆಯಾ?’ ಎಂದು ಕೇಳಿದವರನ್ನು ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ.

## ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಮೊದಲ ಸಾಲು. ಫೀಡಿನಲ್ಲಿ ಕ್ಯಾಪ್ಶನ್ನಿನ ಆರಂಭ ಮಾತ್ರ ಕಂಡು ಉಳಿದದ್ದು `more` ಹಿಂದೆ ಮರೆಯಾಗುತ್ತದೆ. ಕನ್ನಡದ ಪದಗಳು ಅಗಲವಾಗಿ ಕೂರುವುದರಿಂದ ಕಾಣುವುದು ಕೆಲವೇ ಪದ. ‘ನಮಸ್ಕಾರ ಸ್ನೇಹಿತರೇ, ಎಲ್ಲರೂ ಹೇಗಿದ್ದೀರಿ’ ಎಂದು ಶುರುಮಾಡಿದರೆ ಆ ಜಾಗವೆಲ್ಲ ಅಲ್ಲೇ ಮುಗಿಯಿತು. A ಶೈಲಿಯ ಸೇವ್ ಎಲ್ಲ ನಿಂತಿರುವುದು ‘ಸೆರಗನ್ನು ತಿರುವಿ ನೋಡಿ’ ಎಂಬ ಮಾತು ಮೊದಲಿಗೇ ಕಾಣುವುದರ ಮೇಲೆ. ಹಾಕಿದ ತಕ್ಷಣ ಇನ್ನೊಬ್ಬರ ಫೋನಿನಲ್ಲಿ ಎಲ್ಲಿ ಕತ್ತರಿಸುತ್ತದೆ ನೋಡಿ.

ಕ್ಯಾಪ್ಶನ್ನಿನ ಮಿತಿ 2,200 ಅಕ್ಷರಚಿಹ್ನೆ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಚಿಹ್ನೆಗಳು. ‘ಸ್ತ್ರೀ’ ಎಂಬ ಒಂದಕ್ಷರವೇ ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಕಥೆ ಶೈಲಿಯಲ್ಲಿ ಬರೆಯುವವರಿಗೆ ಈ ಮಿತಿ ಎಣಿಸಿದ್ದಕ್ಕಿಂತ ಬೇಗ ಎದುರಾಗುತ್ತದೆ.

ಪರೀಕ್ಷೆಯ ನಡುವೆ ಲಿಪಿ ಬದಲಿಸಬೇಡಿ. ಕನ್ನಡ ಲಿಪಿಯಲ್ಲಿ ಮೂರು, ಇಂಗ್ಲಿಷ್ ಅಕ್ಷರದ ಕಂಗ್ಲಿಷ್‌ನಲ್ಲಿ ಒಂದು ಎಂದಾದರೆ ಯಾವುದು ಯಾವುದರ ಪರಿಣಾಮ ತಿಳಿಯುವುದಿಲ್ಲ. ಲಿಪಿಯನ್ನೇ ಅಳೆಯಬೇಕಿದ್ದರೆ ಅದಕ್ಕೆ ಬೇರೆ ಆರು ವಾರ ಕೊಡಿ.

## ಫೇಸ್‌ಬುಕ್ ಪೇಜಿಗೂ ಇದೇ ಕ್ರಮವೇ?

ಹೌದು, ಒಂದು ವ್ಯತ್ಯಾಸ ಬಿಟ್ಟು. ಅಲ್ಲಿ ಪೋಸ್ಟಿನ ಲಿಂಕನ್ನು ನೇರವಾಗಿ ಒತ್ತಬಹುದು, ಹಾಗಾಗಿ ಪೋಸ್ಟಿಗೊಂದು ಲಿಂಕ್ ಕೊಡಬಹುದು. ಒಟ್ಟು ಕ್ಲಿಕ್ ಎಂಬ ಅಂಕಿಯಲ್ಲಿ ಫೋಟೋ ತೆರೆದದ್ದು, `See more` ಒತ್ತಿದ್ದು ಎಲ್ಲ ಸೇರಿರುತ್ತದೆ. ನಿಮಗೆ ಬೇಕಾದದ್ದು `Link clicks` ಮಾತ್ರ. ಇನ್‌ಸ್ಟಾಗ್ರಾಮ್ ಅಂಕಿಯನ್ನೂ ಫೇಸ್‌ಬುಕ್ ಅಂಕಿಯನ್ನೂ ಒಂದೇ ನಡುಬೆಲೆಗೆ ಸೇರಿಸಬೇಡಿ.

## ಗೆದ್ದ ಶೈಲಿ ಗೊತ್ತಾಯಿತು. ಇನ್ನು ಮುಂದೆ ಅದನ್ನೇ ಬರೆಯುತ್ತ ಹೋಗಬೇಕೇ?

ಬೇಡ. ಬರೀ ದರದ ಪೋಸ್ಟ್ ಹಾಕುತ್ತ ಹೋದರೆ ರೀಚ್ ಇಳಿಯುತ್ತ ಹೋಗಿ ಕೊನೆಗೆ ಸಾವಿರಕ್ಕೆ 18 ಕ್ಲಿಕ್ ಬಂದರೂ ಆ ಸಾವಿರ ಜನವೇ ಇರದ ಸ್ಥಿತಿ ಬರಬಹುದು. ಕಥೆಯ ಲೈಕ್ ಫಾಲೋವರ್ಸ್ ಮುಂದೆ ನಿಮ್ಮನ್ನು ಉಳಿಸುತ್ತದೆ, ತಿಳಿವಳಿಕೆಯ ಶೇರ್ ಹೊಸಬರನ್ನು ಕರೆತರುತ್ತದೆ. ನಮ್ಮ ಉದಾಹರಣೆಯ ಖಾತೆ ತಿಂಗಳ ಎಂಟು ಪೋಸ್ಟ್‌ಗಳಲ್ಲಿ ನಾಲ್ಕು A, ಮೂರು C, ಒಂದು B ಎಂದು ಹಂಚಿಕೊಂಡರೆ ಅಂಕಿಗೆ ತಕ್ಕ ಹಂಚಿಕೆಯಾಗುತ್ತದೆ.

ಮುಂದಿನ ಪರೀಕ್ಷೆಯೂ ಈ ಪಟ್ಟಿಯಿಂದಲೇ ಹುಟ್ಟುತ್ತದೆ. A ಗೆ ಸೇವ್ ಇದೆ, ಕ್ಲಿಕ್ ಇಲ್ಲ. ಹಾಗಾದರೆ A ಕ್ಯಾಪ್ಶನ್ನಿನ ಕೊನೆಗೆ C ಯ ಒಂದೇ ಸಾಲು ಸೇರಿಸಿ: ‘ಫೋಟೋದಲ್ಲಿರುವ ಸೀರೆ ₹2,450, ಬಯೋ ಲಿಂಕ್ ಒತ್ತಿ ILK-D1 ಎಂದು ಕಳಿಸಿ’. ಇದನ್ನು D ಎಂದು ಕರೆದು, ಮಾಮೂಲಿ A ಜೊತೆ ನಾಲ್ಕು ನಾಲ್ಕು ಪೋಸ್ಟ್ ಹಾಕಿ ನೋಡಿ. ಕ್ಲಿಕ್ 2.8ರಿಂದ ಏರಿ, ಸೇವ್ 19ಕ್ಕಿಂತ ಕೆಳಗೆ ಬೀಳದಿದ್ದರೆ ದರದ ಸಾಲನ್ನು ಉಳಿಸಿಕೊಳ್ಳಿ. ಸೇವ್ 12ಕ್ಕೋ 13ಕ್ಕೋ ಕುಸಿದರೆ ಓದುಗರು ಅದನ್ನು ಮಾಹಿತಿ ಎಂದು ನೋಡುವುದನ್ನು ಬಿಟ್ಟು ಜಾಹೀರಾತು ಎಂದು ನೋಡತೊಡಗಿದ್ದಾರೆ. ಆಗ ದರವನ್ನು ಕ್ಯಾಪ್ಶನ್ನಿನಿಂದ ತೆಗೆದು ಅದೇ ದಿನದ ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಜೊತೆ ಹಾಕಿ. ಸ್ಟಿಕರ್ ಲಿಂಕಿಗೆ ILK-S ಎಂಬ ಬೇರೆ ಗುರುತು ಕೊಟ್ಟರೆ ಆ ಲೆಕ್ಕ ಕ್ಯಾಪ್ಶನ್ ಲೆಕ್ಕದೊಳಗೆ ಬೆರೆಯುವುದಿಲ್ಲ.